ಗೊಜ್ಜು ಒಂದೇ, ಬಟ್ಟೆ ಮೂರು

ಪುಳಿಯೋಗರೆ ಗೊಜ್ಜು ಬಟ್ಟೆಯ ಮೇಲೆ ಬಿದ್ದರೆ ಆಗುವುದು ಒಂದಲ್ಲ, ಎರಡು ಕಲೆ. ಒಂದು ಎಣ್ಣೆಯದು, ಇನ್ನೊಂದು ಅರಿಸಿನದ್ದು. ಅರಿಸಿನಕ್ಕೆ ಹಳದಿ ಕೊಡುವ ಕರ್ಕ್ಯುಮಿನ್ ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಬಾಣಲೆಯಲ್ಲಿ ಎಣ್ಣೆಗಿಳಿದ ಬಣ್ಣ ಆ ಎಣ್ಣೆಯ ಜೊತೆಗೇ ನೂಲಿಗೆ ಸೇರುತ್ತದೆ. ಆದ್ದರಿಂದ ಬಟ್ಟೆ ಯಾವುದೇ ಇರಲಿ, ಮೊದಲು ಎಣ್ಣೆ ತೆಗೆಯಬೇಕು, ಆಮೇಲೆ ಬಣ್ಣ. ಮೊದಲ ಕೆಲಸವೂ ಹತ್ತಿ, ರೇಷ್ಮೆ, ಪಾಲಿಯೆಸ್ಟರ್ ಮೂರಕ್ಕೂ ಒಂದೇ: ಗೊಜ್ಜನ್ನು ಚಮಚದ ಅಂಚಿನಿಂದ ಎತ್ತಿ ತೆಗೆದು, ಒಣಬಟ್ಟೆಯಿಂದ ಒತ್ತಿ ಎಣ್ಣೆ ಹೀರಿಸುವುದು. ಉಜ್ಜಬಾರದು. ದಾರಿ ಕವಲಾಗುವುದು ಇದಾದ ಮೇಲೆ.

ಬಿಳಿ ಹತ್ತಿ ಪಂಚೆಯದು ಎಲ್ಲಕ್ಕಿಂತ ಸುಲಭ. ಹತ್ತಿ ಸಸ್ಯದ ನಾರು. ಸೋಪಿನ ಕ್ಷಾರ, ಬಿಸಿ, ಬಿಸಿಲು, ಬ್ರಷ್ಷಿನ ತಿಕ್ಕಾಟ ಎಲ್ಲವನ್ನೂ ತಡೆದುಕೊಳ್ಳುತ್ತದೆ. ನೀರು ಹಾಕುವ ಮೊದಲೇ ಒಣ ಕಲೆಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ ಕಾಲು ಗಂಟೆ ಬಿಡಿ. ಆಮೇಲೆ ಬೆಚ್ಚಗಿನ ನೀರಿನಲ್ಲಿ ಬಾರ್ ಸೋಪು ಹಾಕಿ ತಿಕ್ಕಿ. ಆಗ ಹಳದಿ ಕಲೆ ಇದ್ದಕ್ಕಿದ್ದಂತೆ ಕೆಂಪಾಗುತ್ತದೆ. ಹೆದರಬೇಕಿಲ್ಲ, ಕಲೆ ಹೆಚ್ಚಾಗಿಲ್ಲ. ಕ್ಷಾರ ತಾಗಿದರೆ ಅರಿಸಿನ ಕೆಂಪಾಗುತ್ತದೆ. ಅರಿಸಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದೂ ಇದರಿಂದಲೇ. ಚೆನ್ನಾಗಿ ಜಾಲಾಡಿ ನಿಂಬೆರಸ ಬೆರೆಸಿದ ನೀರಿಗೆ ಅದ್ದಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಈ ಗುಣವನ್ನು ಪರೀಕ್ಷೆಯಾಗಿಯೂ ಬಳಸಬಹುದು: ಕಲೆ ಹೋದಂತೆ ಕಂಡರೂ ಸೋಪುನೀರು ತಾಗಿದ ಕೂಡಲೇ ಆ ಜಾಗ ಕೆಂಪಾದರೆ ಅರಿಸಿನ ಇನ್ನೂ ಉಳಿದಿದೆ ಎಂದರ್ಥ.

ಉಳಿದದ್ದನ್ನು ತೆಗೆಯುವುದು ಬಿಸಿಲು. ಬೆಳಕಿಗೆ ಕರ್ಕ್ಯುಮಿನ್ ಒಡೆದು ಬಣ್ಣ ಕಳೆದುಕೊಳ್ಳುತ್ತದೆ. ಪಂಚೆಯನ್ನು ಒದ್ದೆಯಾಗಿರುವಾಗಲೇ, ಕಲೆಯ ಭಾಗ ಮೇಲೆ ಬರುವಂತೆ, ನೇರ ಬಿಸಿಲಿಗೆ ಹರವಿ. ಒಂದು ದಿನಕ್ಕೆ ಹೋಗದಿದ್ದರೆ ಮತ್ತೆ ಒಗೆದು ಮತ್ತೆ ಹರವಿ. ಬಿಳಿ ಹತ್ತಿಗೆ ಬ್ಲೀಚ್ ಬೇಕಾಗುವುದು ಅಪರೂಪ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಕಲೇಬೇಕೆಂದಿದ್ದರೆ ನಿಂಬೆರಸ ಅಥವಾ ವಿನಿಗರ್ ಇರುವ ನೀರಿಗೆ ಕ್ಲೋರಿನ್ ಬ್ಲೀಚ್ ಸೇರಿಸಲೇಬೇಡಿ, ವಿಷಾನಿಲ ಹೊರಡುತ್ತದೆ. ಬಣ್ಣದ ಹತ್ತಿಯಾದರೆ ಬಿಸಿಲಿಗೆ ಬಟ್ಟೆಯ ಬಣ್ಣವೂ ಮಾಸುವುದರಿಂದ ಸ್ವಲ್ಪ ಸ್ವಲ್ಪ ಹೊತ್ತು ಮಾತ್ರ ಹರವಿ ನೋಡುತ್ತಿರಬೇಕು.

ಪಂಚೆಯನ್ನು ಉಳಿಸಿದ ಈ ಎಲ್ಲ ಉಪಾಯವೂ ರೇಷ್ಮೆ ಸೀರೆಯನ್ನು ಕೆಡಿಸುತ್ತದೆ. ರೇಷ್ಮೆ ನಮ್ಮ ಕೂದಲಿನಂತೆ ಪ್ರೋಟೀನಿನ ಎಳೆ. ಕ್ಷಾರ ಅದನ್ನು ತಿನ್ನುತ್ತದೆ, ಕ್ಲೋರಿನ್ ಬ್ಲೀಚ್ ಎಳೆಯನ್ನೇ ಕರಗಿಸಬಲ್ಲದು, ನೇರ ಬಿಸಿಲು ಹಳದಿಗಟ್ಟಿಸಿ ಬಲ ಕುಂದಿಸುತ್ತದೆ. ತಿಕ್ಕಿದರೆ ಮೇಲಿನ ಎಳೆಗಳು ಹರಿದು ಆ ಜಾಗ ಹೊಳಪು ಕಳೆದುಕೊಂಡು ಮಂಕಾಗುತ್ತದೆ, ಅದು ಮತ್ತೆ ಸರಿಹೋಗುವುದಿಲ್ಲ. ಕಲೆ ತೆಗೆಯುವ ಎಂಜೈಮ್ ಇರುವ ಡಿಟರ್ಜೆಂಟ್ ಪುಡಿಗಳೂ ಬೇಡ. ಪ್ರೋಟೀನನ್ನು ಒಡೆಯುವ ಎಂಜೈಮಿಗೆ ಸಾರಿನ ಬೇಳೆಯೂ ಒಂದೇ, ರೇಷ್ಮೆಯೂ ಒಂದೇ.

ಹಾಗಾದರೆ ಮನೆಯಲ್ಲಿ ಮಾಡಬಹುದಾದದ್ದು ಎಣ್ಣೆ ಹೀರಿಸುವುದಷ್ಟೇ. ಕಲೆಯ ಮೇಲೆ ಟಾಲ್ಕಂ ಪೌಡರ್ ದಪ್ಪಗೆ ಉದುರಿಸಿ ಕೆಲವು ಗಂಟೆ ಬಿಟ್ಟು, ಮೆತ್ತಗಿನ ಬ್ರಷ್ಷಿನಿಂದ ಕೊಡವಿ. ಪುಡಿ ಮುದ್ದೆಗಟ್ಟಿದ್ದರೆ ಎಣ್ಣೆ ಬರುತ್ತಿದೆ. ಹೊಸ ಪುಡಿ ಹಾಕಿ. ಉಳಿದ ಹಳದಿ ಡ್ರೈಕ್ಲೀನಿಂಗಿನವರ ಕೆಲಸ. ಜರಿ ಇರುವ ಸೀರೆಗೆ ಮನೆಯಲ್ಲಿ ನಿಂಬೆರಸ, ವಿನಿಗರ್ ತಾಗಿಸದಿರುವುದೇ ಒಳ್ಳೆಯದು. ಒದ್ದೆ ಕೈ ತಾಗಿಸಿದರೂ ಅಂಚಿನಲ್ಲಿ ನೀರಿನ ಗುರುತು ಉಳಿಯಬಹುದು.

ಪಾಲಿಯೆಸ್ಟರ್ ಅಂಗಿಯ ತೊಂದರೆ ಬೇರೆ ರೀತಿಯದು. ಕ್ಷಾರಕ್ಕಾಗಲಿ ಬಿಸಿಲಿಗಾಗಲಿ ಅದು ಸುಲಭವಾಗಿ ಹಾಳಾಗುವುದಿಲ್ಲ. ಆದರೆ ಅದಕ್ಕೆ ನೀರು ಬೇಡ, ಎಣ್ಣೆ ಬೇಕು. ಸೋಪುನೀರು ನೂಲಿಗೆ ಇಳಿಯದೆ ಮೇಲೇ ಜಾರುತ್ತದೆ, ಎಣ್ಣೆ ಗಟ್ಟಿಯಾಗಿ ಅಂಟುತ್ತದೆ. ಹಾಗಾಗಿ ಒಣಬಟ್ಟೆಗೇ ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ ಬೆರಳಲ್ಲಿ ಮೆಲ್ಲಗೆ ತೀಡುವುದು ಇಲ್ಲಿ ಹತ್ತಿಗಿಂತಲೂ ಮುಖ್ಯ. ನೀರು ಉಗುರುಬೆಚ್ಚಗಿದ್ದರೆ ಸಾಕು. ಹೆಚ್ಚು ಬಿಸಿ ತಾಗಿದರೆ ಪಾಲಿಯೆಸ್ಟರ್ ಎಳೆ ಸಡಿಲಗೊಂಡು ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಕಾರ್ಖಾನೆಯಲ್ಲಿ ಪಾಲಿಯೆಸ್ಟರಿಗೆ ಬಣ್ಣ ಹಾಕುವುದೂ ಹೀಗೆ ಬಿಸಿಯಲ್ಲೇ. ಅರೆಬರೆ ಒಗೆದ ಕಲೆಯ ಮೇಲೆ ಇಸ್ತ್ರಿ ಎಳೆದರೆ ಅರಿಸಿನವನ್ನು ನಾವೇ ಎಳೆಯೊಳಗೆ ಕೂರಿಸಿದಂತೆ.

ರೇಷ್ಮೆಯೋ ಆರ್ಟ್ ಸಿಲ್ಕೋ ತಿಳಿಯದಿದ್ದರೆ ಒಳಮಡಿಕೆಯಿಂದ ಒಂದು ನೂಲು ಎಳೆದು ತಟ್ಟೆಯ ಮೇಲೆ ಸುಟ್ಟು ನೋಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುವ ಬೂದಿ ಬಿಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಹತ್ತಿಯಾಗಲಿ ವಿಸ್ಕೋಸ್ ಆಗಲಿ ಕಾಗದದಂತೆ ಉರಿಯುತ್ತದೆ.

ಸೀರೆಯನ್ನು ಡ್ರೈಕ್ಲೀನಿಂಗಿಗೆ ಕೊಡುವಾಗ ಕಲೆ ಎಲ್ಲಿದೆ, ಬಿದ್ದದ್ದು ಏನು, ನೀವು ಈಗಾಗಲೇ ಏನೇನು ಹಚ್ಚಿದ್ದೀರಿ ಎಂಬುದನ್ನು ಮುಚ್ಚಿಡದೆ ಹೇಳಿ. ಯಾವ ದ್ರಾವಕ ಹಾಕಬೇಕೆಂದು ಅವರು ನಿರ್ಧರಿಸುವುದು ಅದರ ಮೇಲೆ.