ಪಾಠಯೋಜನೆಯನ್ನು ಕೊನೆಯಿಂದ ಓದುವುದು

ಪ್ರಶಿಕ್ಷಣಾರ್ಥಿ ಪಾಠಯೋಜನೆಯ ಪುಸ್ತಕವನ್ನು ಮುಂದಿಟ್ಟಾಗ ಮಾರ್ಗದರ್ಶಕರು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಓದುತ್ತಾರೆ. ಉದ್ದೇಶ ಬರೆದಿದೆ, ಚಟುವಟಿಕೆ ಇದೆ, ಮೌಲ್ಯಮಾಪನದ ಪ್ರಶ್ನೆಗಳೂ ಇವೆ ಎಂದು ಖಚಿತವಾದರೆ ಸಹಿ ಬೀಳುತ್ತದೆ. ಹೀಗೆ ಓದಿದರೆ ಕಾಲಂಗಳು ತುಂಬಿವೆಯೇ ಎಂಬುದಷ್ಟೇ ತಿಳಿಯುತ್ತದೆ. ಅವುಗಳ ನಡುವೆ ನಂಟಿದೆಯೇ ಎಂದು ತಿಳಿಯಬೇಕಾದರೆ ಕೊನೆಯಿಂದ ಓದಬೇಕು.

ಒಂದು ಮಾದರಿ ಯೋಜನೆಯನ್ನು ನೋಡೋಣ. ನಾಲ್ಕನೇ ತರಗತಿಯ ಗಣಿತ, ಭಿನ್ನರಾಶಿಗಳ ಹೋಲಿಕೆ, 40 ನಿಮಿಷದ ಅವಧಿ. ಉದ್ದೇಶ: ‘ವಿದ್ಯಾರ್ಥಿಗಳು ಭಿನ್ನರಾಶಿಗಳ ಹೋಲಿಕೆಯನ್ನು ಅರ್ಥಮಾಡಿಕೊಳ್ಳುವರು.’ ಚಟುವಟಿಕೆ: ಐವರ ಗುಂಪಿಗೊಂದು ಕಾಗದದ ವೃತ್ತ ಕೊಟ್ಟು, ಅದನ್ನು ನಾಲ್ಕು ಭಾಗ ಮಾಡಿಸಿ, ಒಂದು ಭಾಗಕ್ಕೆ ಬಣ್ಣ ಹಚ್ಚಿಸುವುದು. ಮೌಲ್ಯಮಾಪನ: ‘ಛೇದ ಎಂದರೇನು?’, ‘1/4 ಮತ್ತು 3/4ರಲ್ಲಿ ಯಾವುದು ದೊಡ್ಡದು?’

ಮೊದಲು ಉದ್ದೇಶದ ಸಾಲನ್ನು ಕೈಯಿಂದ ಮುಚ್ಚಿ, ಪ್ರಶ್ನೆಗಳನ್ನಷ್ಟೇ ಓದಿ ಉದ್ದೇಶವೇನಿರಬಹುದೆಂದು ಊಹಿಸಿ. ‘ಛೇದ ಎಂದರೇನು?’ ಎಂಬುದು ವ್ಯಾಖ್ಯೆಯನ್ನು ಕೇಳುತ್ತದೆ. ಹೋಲಿಸಲು ಬಾರದ ಮಗುವೂ ಅದನ್ನು ಬಾಯಿಪಾಠದಿಂದ ಹೇಳಬಲ್ಲದು. ಎರಡನೆಯ ಪ್ರಶ್ನೆ ಹೋಲಿಕೆಯದೇ ಆದರೂ ಅದರಲ್ಲೊಂದು ತೊಡಕಿದೆ. ಭಿನ್ನರಾಶಿ ಕಲಿಯುವ ಎಷ್ಟೋ ಮಕ್ಕಳು ‘ದೊಡ್ಡ ಅಂಕಿ ಇದ್ದರೆ ದೊಡ್ಡ ಭಿನ್ನರಾಶಿ’ ಎಂದು ತಿಳಿದಿರುತ್ತಾರೆ. 3 ದೊಡ್ಡದು, ಆದ್ದರಿಂದ 3/4 ದೊಡ್ಡದು ಎನ್ನುವ ಮಗುವಿನ ಉತ್ತರಕ್ಕೂ ಸರಿ ಗುರುತೇ ಬೀಳುತ್ತದೆ. 1/4 ಮತ್ತು 1/8 ಕೊಟ್ಟು ನೋಡಿ. ಅದೇ ಮಗು 1/8 ಎನ್ನುತ್ತದೆ, ತಪ್ಪು ತಿಳಿವಳಿಕೆ ಹೊರಬೀಳುತ್ತದೆ. ಹಾಗಾಗಿ ಪ್ರತಿ ಪ್ರಶ್ನೆಯ ಮುಂದೆಯೂ ಮಾರ್ಗದರ್ಶಕರು ಕೇಳಿಕೊಳ್ಳಬೇಕಾದದ್ದು ಒಂದೇ: ವಿಷಯ ತಿಳಿಯದ ಮಗುವೂ ಇದಕ್ಕೆ ಸರಿಯುತ್ತರ ಕೊಡಬಹುದೇ?

ಈಗ ಚಟುವಟಿಕೆಗೆ ಬನ್ನಿ. ಅದರಲ್ಲಿ ಮಗುವಿನ ಕೈ ಏನು ಮಾಡುತ್ತಿದೆ ಎಂದು ನೋಡಿ. ಇಲ್ಲಿ ಒಂದೇ ಭಿನ್ನರಾಶಿಗೆ ಬಣ್ಣ ಹಚ್ಚುವ ಕೆಲಸ ನಡೆದಿದೆ, ಹೋಲಿಸುವ ಕೆಲಸ ನಡೆದೇ ಇಲ್ಲ. ಮೇಲಾಗಿ ಐವರಿಗೆ ಒಂದೇ ವೃತ್ತವಾದರೆ ಒಬ್ಬರು ಮಡಿಸುತ್ತಾರೆ, ಉಳಿದವರು ನೋಡುತ್ತಾರೆ. ಪ್ರತಿ ಮಗುವಿಗೂ ಒಂದೇ ಉದ್ದದ ಮೂರು ಕಾಗದದ ಪಟ್ಟಿ ಕೊಟ್ಟು, ಅರ್ಧಕ್ಕೆ ಅರ್ಧ ಮಡಿಸುತ್ತ 1/2, 1/4, 1/8 ಮಾಡಿಸಿ, ಒಂದರ ಕೆಳಗೊಂದಿಟ್ಟು ಅಳೆಸಿದರೆ ಚಟುವಟಿಕೆ ಉದ್ದೇಶಕ್ಕೆ ಹೊಂದುತ್ತದೆ. ಪಟ್ಟಿಗಳ ಉದ್ದ ಬೇರೆಬೇರೆಯಾದರೆ ಹೋಲಿಕೆಗೇ ಅರ್ಥವಿಲ್ಲ. ಮೂರು ಅಥವಾ ಐದು ಸಮಭಾಗ ಮಡಿಸುವುದು ಮಕ್ಕಳಿಗೆ ಕಷ್ಟ, ಅವಧಿಯೆಲ್ಲ ಅದರಲ್ಲೇ ಕಳೆದುಹೋಗುತ್ತದೆ. ಇಂಥ ವಿವರಗಳು ಯೋಜನೆಯಲ್ಲಿ ಇವೆಯೇ ಎಂದು ನೋಡಬೇಕು.

ಕೊನೆಗೆ ಉದ್ದೇಶ. ‘ಅರ್ಥಮಾಡಿಕೊಳ್ಳುವರು’ ಎಂಬುದು ಕಣ್ಣಿಗೆ ಕಾಣುವ ಕ್ರಿಯೆಯಲ್ಲ. ಅಮೆರಿಕದ ರಾಬರ್ಟ್ ಮೇಗರ್ 1962ರ ತಮ್ಮ ಪುಸ್ತಕದಲ್ಲಿ, ಮಗು ಏನು ಮಾಡುತ್ತದೆ, ಯಾವ ಸ್ಥಿತಿಯಲ್ಲಿ, ಎಷ್ಟರ ಮಟ್ಟಿಗೆ ಎಂಬ ಮೂರನ್ನೂ ಉದ್ದೇಶ ಹೇಳಬೇಕೆಂದರು. ಅದರಂತೆ ಈ ಸಾಲು ಹೀಗಾಗಬಹುದು: ‘ಅಂಶ 1 ಆಗಿರುವ ಭಿನ್ನರಾಶಿಗಳ 4 ಜೋಡಿ ಕೊಟ್ಟಾಗ, ಪಟ್ಟಿಯ ನೆರವಿಲ್ಲದೆ ಕನಿಷ್ಠ 3ರಲ್ಲಿ ದೊಡ್ಡದನ್ನು ಗುರುತಿಸಿ ಕಾರಣ ಹೇಳುವರು.’ ಎರಡರಲ್ಲೊಂದನ್ನು ಆರಿಸುವ ಪ್ರಶ್ನೆಗೆ ಊಹೆಯಿಂದಲೂ ಉತ್ತರಿಸಬಹುದು, ಅದಕ್ಕೇ ಕಾರಣ ಕೇಳುವುದು. ಜೋಡಿಗಳಲ್ಲಿ ಮಕ್ಕಳು ಮಡಿಸಿ ನೋಡಿರದ 1/3 ಮತ್ತು 1/5 ಇದ್ದರೆ, ಕಲಿತದ್ದು ಪಟ್ಟಿಯಾಚೆಗೂ ದಾಟಿದೆಯೇ ಎಂದು ತಿಳಿಯುತ್ತದೆ.

ಹೀಗೆ ತಿದ್ದಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ತರಗತಿಯ ಅರ್ಧದಷ್ಟು ಮಕ್ಕಳು ತಪ್ಪು ಉತ್ತರ ಕೊಟ್ಟರೆ ಮುಂದೇನು? ಯೋಜನೆಯಲ್ಲಿ ಇದಕ್ಕೆ ಒಂದು ಸಾಲಾದರೂ ಇರಬೇಕು. ‘1/5 ದೊಡ್ಡದು ಎಂದವರಿಗೆ ಮತ್ತೆ ಪಟ್ಟಿ ಕೊಟ್ಟು, ಭಾಗಗಳು ಹೆಚ್ಚಿದಂತೆ ಒಂದೊಂದು ಭಾಗ ಏನಾಯಿತು ಎಂದು ಕೇಳುವುದು’ ಎಂದಿದ್ದರೂ ಸಾಕು. ಆ ಸಾಲಿಲ್ಲದಿದ್ದರೆ ಪ್ರಶ್ನೆ ಅಂಕ ಕೊಡುವುದಕ್ಕಷ್ಟೇ ಉಪಯೋಗವಾಗುತ್ತದೆ.

ಷರಾ ಬರೆಯುವಾಗಲೂ ಇದೇ ಕ್ರಮ ಅನ್ವಯಿಸುತ್ತದೆ. ‘ಉದ್ದೇಶ ಸ್ಪಷ್ಟವಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದರೆ ಪ್ರಶಿಕ್ಷಣಾರ್ಥಿ ಕ್ರಿಯಾಪದ ಬದಲಿಸಿ ತರುತ್ತಾರೆ, ಪಾಠ ಇದ್ದಂತೆಯೇ ಇರುತ್ತದೆ. ‘3/4 ದೊಡ್ಡದು ಎಂದ ಮಗು ಅದನ್ನು ಹೇಗೆ ಕಂಡುಕೊಂಡಿತೆಂದು ನಿಮಗೆ ಹೇಗೆ ಗೊತ್ತಾಗುತ್ತದೆ?’ ಎಂದು ಬರೆದರೆ, ಉತ್ತರ ಹುಡುಕುವಾಗ ಪ್ರಶ್ನೆ, ಚಟುವಟಿಕೆ, ಉದ್ದೇಶ ಮೂರನ್ನೂ ಅವರೇ ಮತ್ತೆ ತೂಗಿ ನೋಡಬೇಕಾಗುತ್ತದೆ.