ಸೀರೆಯ ಬಣ್ಣ ಮಾತ್ರ ಬದಲಾಗಲಿ

ಮಾತಿನಲ್ಲಿ ಹೇಳಿದಂತೆ ಫೋಟೊ ತಿದ್ದುವ ಎಐ ಸಾಧನಗಳಲ್ಲಿ ಹಲವು, ಹೇಳಿದ ಭಾಗಕ್ಕಷ್ಟೇ ಕೈ ಹಾಕುವುದಿಲ್ಲ. ಇಡೀ ಚಿತ್ರವನ್ನೇ ಹೊಸದಾಗಿ ರಚಿಸುತ್ತವೆ. ‘ಸೀರೆ ಹಸಿರು ಮಾಡು’ ಎಂದಷ್ಟೇ ಬರೆದಾಗ ಮುಖ ನುಣುಪಾಗುವುದು, ಜರಿ ಅಂಚಿನ ವಿನ್ಯಾಸ ಬೇರೆಯಾಗುವುದು ಇದರಿಂದಲೇ.

ಸೂಚನೆ ಹೀಗಿದ್ದರೆ ವಾಸಿ: ‘ಎಡಗಡೆ ನಿಂತ ಮಹಿಳೆಯ ಕೆಂಪು ಸೀರೆಯ ಒಡಲನ್ನು ಮಾತ್ರ ಕಡು ಹಸಿರು ಮಾಡು. ಜರಿ ಅಂಚು, ನೆರಿಗೆ, ನೆರಿಗೆಯ ನೆರಳು ಇದ್ದಂತೆಯೇ ಇರಲಿ. ಮುಖ, ಕೂದಲು, ಒಡವೆ, ಪಕ್ಕದವರು, ಹಿನ್ನೆಲೆ, ಬೆಳಕು, ಚೌಕಟ್ಟು ಬದಲಾಗಬಾರದು.’ ‘ಉಳಿದದ್ದು ಹಾಗೇ ಇರಲಿ’ ಎಂದು ಮುಗಿಸುವುದಕ್ಕಿಂತ, ಕೆಡುವ ಸಂಭವವಿರುವುದನ್ನು ಹೆಸರಿಸುವುದು ಮೇಲು. ‘ಇನ್ನೂ ಚೆನ್ನಾಗಿ ಕಾಣಲಿ’ ಎಂಬುದಂತೂ ಬೇಡವೇ ಬೇಡ. ಅದು ಎಲ್ಲವನ್ನೂ ಮುಟ್ಟಲು ಕೊಟ್ಟ ಪರವಾನಗಿ.

ಫಲಿತಾಂಶವನ್ನು ಮೂಲ ಫೋಟೊದ ಮೇಲೆ ಪದರವಾಗಿಟ್ಟು, ಫೋಟೊ ತಂತ್ರಾಂಶದ `Difference` ಆಯ್ಕೆಯಲ್ಲಿ ನೋಡಿದರೆ ಬದಲಾಗದ ಭಾಗ ಕಪ್ಪಗೆ ಕಾಣುತ್ತದೆ. ಕಣ್ಣು, ತುಟಿಯ ಗೆರೆಗಳು ಬೆಳ್ಳಗೆ ಎದ್ದು ಕಂಡರೆ ಮುಖ ಬದಲಾಗಿದೆ ಎಂದೇ ಲೆಕ್ಕ. ಆಗ ತಿದ್ದಿದ್ದನ್ನೇ ಮತ್ತೆ ತಿದ್ದಿಸದೆ, ಮೂಲ ಫೋಟೊದಿಂದಲೇ ಪುನಃ ಶುರುಮಾಡಬೇಕು. ಸುತ್ತು ಹೆಚ್ಚಿದಷ್ಟೂ ಸಣ್ಣಪುಟ್ಟ ವ್ಯತ್ಯಾಸಗಳು ಕೂಡುತ್ತಾ ಹೋಗುತ್ತವೆ. ಸೂಚನೆ ಎಷ್ಟೇ ಬಿಗಿಯಾಗಿದ್ದರೂ ಪೂರ್ತಿ ಖಾತರಿಯಿಲ್ಲ. ಮುಖ ಕೂದಲೆಳೆಯಷ್ಟೂ ಬದಲಾಗಬಾರದೆಂದರೆ, ಹೊಸ ಚಿತ್ರದ ಸೀರೆಯನ್ನಷ್ಟೇ ಕತ್ತರಿಸಿ ಮೂಲದ ಮೇಲೆ ಕೂರಿಸುವುದೇ ದಾರಿ.