ಬಾಕಿ ಮೇಲ್‌ಗಳನ್ನು ಒಂದು ಹಾಳೆಗೆ ಇಳಿಸುವುದು

ಬೆಂಗಳೂರಿನ ಪೀಣ್ಯದಲ್ಲಿ ಲೇತ್ ಮೇಲೆ ಬುಷ್, ಪಿನ್ನು ತಯಾರಿಸುವ ಸಣ್ಣ ಕಾರ್ಖಾನೆಯೊಂದನ್ನು ಊಹಿಸಿಕೊಳ್ಳಿ. ಕೊಟೇಶನ್ ಕಳಿಸುವುದು, ಬಿಲ್ಲು, ಬ್ಯಾಂಕು, ಪಿಎಫ್, ಆಡಿಟರ ಜೊತೆಗಿನ ವ್ಯವಹಾರ ಎಲ್ಲವನ್ನೂ ಆಫೀಸಿನಲ್ಲಿ ಒಬ್ಬರೇ ಮಹಿಳೆ ನೋಡಿಕೊಳ್ಳುತ್ತಾರೆ. ಮನೆಯ ಮದುವೆಗೆಂದು ಜೂನ್ 3ರಿಂದ ರಜೆ ಹಾಕಿದವರು 15ನೇ ತಾರೀಖು ಸೋಮವಾರ ಬೆಳಿಗ್ಗೆ ಬಂದು ಕಂಪ್ಯೂಟರ್ ಹಚ್ಚಿದರೆ ಇನ್‌ಬಾಕ್ಸ್‌ನಲ್ಲಿ ನೂರೈವತ್ತರ ಹತ್ತಿರ ಮೇಲ್. ಮಧ್ಯಾಹ್ನದೊಳಗೆ ಅವರಿಗೆ ಗೊತ್ತಾಗಬೇಕಾದ್ದು ಮೂರೇ ವಿಷಯ: ತಾವು ಮಾಡಬೇಕಾದ ಕೆಲಸ ಯಾವುದು, ಯಾರಿಗೆ ಉತ್ತರ ಬಾಕಿ ಇದೆ, ಯಾವುದನ್ನು ಮುಂದಕ್ಕೆ ಹಾಕಬಹುದು.

ಬಹಳಷ್ಟು ಜನ ಇಲ್ಲಿ ಮೇಲಿನಿಂದ ಒಂದೊಂದೇ ಮೇಲ್ ತೆರೆದು ಉತ್ತರಿಸುತ್ತಾ ಹೋಗುತ್ತಾರೆ. ಎರಡು ನಿಮಿಷದಲ್ಲಿ ಮುಗಿಯುವ ಕೆಲಸವನ್ನು ಕಂಡ ಕೂಡಲೇ ಮುಗಿಸಿಬಿಡಿ ಎಂದು ಅಮೆರಿಕದ ಡೇವಿಡ್ ಅಲೆನ್ 2001ರ ‘ಗೆಟಿಂಗ್ ಥಿಂಗ್ಸ್ ಡನ್’ ಪುಸ್ತಕದಲ್ಲಿ ಹೇಳಿದ್ದು ಆಫೀಸುಗಳಲ್ಲಿ ದೊಡ್ಡ ಹೆಸರು ಮಾಡಿತು. ದಿನನಿತ್ಯದ ಮೇಲ್‌ಗೆ ಅದು ಸರಿ. ಹನ್ನೆರಡು ದಿನದ ರಾಶಿಗೆ ಮಾತ್ರ ಅದನ್ನು ಹಚ್ಚಬಾರದು ಎನ್ನುವುದು ನನ್ನ ಅಭಿಪ್ರಾಯ. 4ನೇ ತಾರೀಖಿನ ಪ್ರಶ್ನೆಗೆ ನೀವು ಚುರುಕಾಗಿ ಉತ್ತರ ಕಳಿಸುತ್ತೀರಿ. ಅದೇ ಪ್ರಶ್ನೆ 10ಕ್ಕೆ ಬದಲಾಗಿರುತ್ತದೆ. ಮೊದಲ ಸುತ್ತಿನಲ್ಲಿ ಬರೀ ಓದು, ಪಕ್ಕದ ಹಾಳೆಯಲ್ಲಿ ಬರೆ. ಉತ್ತರಿಸುವ ಗುಂಡಿಗೆ ಕೈ ಹೋಗಕೂಡದು.

ರಾಶಿ ಕರಗಿಸುವ ಮೊದಲ ಹೆಜ್ಜೆ ಸುಲಭದ್ದು. ಜಿಮೇಲ್ ಬಳಸುವವರು ಹುಡುಕುವ ಪಟ್ಟಿಯಲ್ಲಿ ಈ ಎರಡು ಸಾಲುಗಳನ್ನು ಒಂದಾದ ಮೇಲೊಂದು ಹಾಕಿ ನೋಡಬಹುದು:

```
in:inbox newer_than:15d -category:promotions -category:social
in:sent newer_than:15d
```

ಮೊದಲನೆಯದು ಜಾಹೀರಾತು ಮತ್ತು ಸಾಮಾಜಿಕ ಜಾಲತಾಣಗಳ ಮೇಲ್‌ಗಳನ್ನು ಬದಿಗಿಟ್ಟು ಕಳೆದ ಹದಿನೈದು ದಿನದ್ದನ್ನು ತೋರಿಸುತ್ತದೆ. ನಮ್ಮ ಕಾರ್ಖಾನೆಯ ನೂರೈವತ್ತು ಅಲ್ಲಿಗೆ ಅರವತ್ತಕ್ಕೆ ಇಳಿಯಿತು ಎನ್ನೋಣ. ಒಂದೇ ವಿಷಯದ ಮೇಲ್‌ಗಳನ್ನು ಒಂದು ಟ್ರೇಲ್ ಆಗಿ ಕಟ್ಟಿದರೆ ಇಪ್ಪತ್ತೂ ಉಳಿಯುವುದಿಲ್ಲ. ಎಣಿಸಬೇಕಾದ್ದು ಈ ವಿಷಯಗಳನ್ನು, ಮೇಲ್‌ಗಳನ್ನಲ್ಲ. ಓದದಿರುವ ಮೇಲ್‌ಗಳನ್ನಷ್ಟೇ ಹುಡುಕಿ ತೆಗೆಯುವುದೂ ಮೋಸದ ದಾರಿಯೇ. ಮದುವೆ ಮನೆಯಲ್ಲಿ ಫೋನಿನಲ್ಲಿ ತೆರೆದು, ‘ಆಮೇಲೆ ನೋಡೋಣ’ ಎಂದು ಮುಚ್ಚಿದ ಮೇಲ್‌ಗಳೇ ಹೆಚ್ಚಾಗಿ ಬಾಕಿ ಬಿದ್ದಿರುತ್ತವೆ, ಮತ್ತು ಅವೆಲ್ಲ ಓದಿದ ಲೆಕ್ಕಕ್ಕೆ ಸೇರಿರುತ್ತವೆ.

ಎರಡನೆಯ ಸಾಲು ನೀವು ಕಳಿಸಿದ ಮೇಲ್‌ಗಳದ್ದು. ಬಾಕಿ ಹುಡುಕುವಾಗ ಇದನ್ನು ನೋಡುವವರು ಕಡಿಮೆ. ಆದರೆ ‘ಸೋಮವಾರ ಕಳಿಸುತ್ತೇವೆ’ ಎಂದು ಕೊಟ್ಟ ಮಾತು ಇರುವುದು ಅಲ್ಲೇ. ನೀವು ಕೇಳಿ ಉತ್ತರ ಬಾರದೇ ಉಳಿದ ಪ್ರಶ್ನೆಗಳೂ ಅಲ್ಲೇ ಇರುತ್ತವೆ. ಸರ್ಕಾರಿ ಕಚೇರಿಗಳು ಆವಕ ವಹಿಯ ಜೊತೆಗೆ ಜಾವಕ ವಹಿಯನ್ನೂ ಇಡುವುದು ಸುಮ್ಮನೆ ಅಲ್ಲ.

ಇನ್ನು ಒಂದು ಟ್ರೇಲ್ ಬಿಚ್ಚಿ ನೋಡೋಣ. ಹೊಸೂರಿನ ಗಿರಾಕಿಯೊಬ್ಬರು ಜೂನ್ 4ಕ್ಕೆ ಐನೂರು ಬುಷ್‌ಗೆ ಕೊಟೇಶನ್ ಕೇಳಿದ್ದಾರೆ, ಡ್ರಾಯಿಂಗ್ ಲಗತ್ತಿಸಿದ್ದಾರೆ. 8ಕ್ಕೆ ಇನ್ನೊಂದು ಮೇಲ್: ಒಳವ್ಯಾಸ ಬದಲಾಗಿದೆ, ಹೊಸ ಡ್ರಾಯಿಂಗ್ ನೋಡಿ. 10ಕ್ಕೆ ಮತ್ತೊಂದು: ಸಂಖ್ಯೆ ಎಂಟುನೂರು ಮಾಡಿ. 12ರ ಶುಕ್ರವಾರ ನೆನಪೋಲೆ ಬಂದಿದೆ. ಅದಕ್ಕೆ ಕಾರ್ಖಾನೆಯ ಮಾಲೀಕರೇ ಅದೇ ಐಡಿಯಿಂದ ‘ಸೋಮವಾರ ಕಳಿಸುತ್ತೇವೆ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಂಡಿದ್ದಾರೆ. ಎಲ್ಲ ಮೇಲ್‌ಗಳ ತಲೆಬರಹವೂ ‘ಐನೂರು ಬುಷ್‌ಗೆ ಕೊಟೇಶನ್’ ಎಂದೇ ಇದೆ, ಏಕೆಂದರೆ ಉತ್ತರಿಸುವಾಗ ಯಾರೂ ತಲೆಬರಹ ತಿದ್ದುವುದಿಲ್ಲ.

ತಲೆಬರಹ ಓದಿ ಸಾರಾಂಶ ಬರೆದವರು ಐನೂರಕ್ಕೆ ದರ ಕಟ್ಟುತ್ತಾರೆ. ಕೊನೆಯ ಮೇಲ್ ಮಾತ್ರ ಓದಿದವರಿಗೆ ಇವತ್ತು ಏನೋ ಕಳಿಸಬೇಕು ಎಂದು ಗೊತ್ತಾಗುತ್ತದೆ, ಡ್ರಾಯಿಂಗ್ ಬದಲಾದದ್ದು ಗೊತ್ತಾಗುವುದಿಲ್ಲ. ಹಾಗಾಗಿ ಮೊದಲು ಕೊನೆಯ ಮೇಲ್ ಓದಿ ಈಗ ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಎಂದು ತಿಳಿದುಕೊಳ್ಳಬೇಕು. ಆಮೇಲೆ ಮೊದಲಿನಿಂದ ಓದುತ್ತಾ ಬಂದು, ಬದಲಾದ ಸಂಖ್ಯೆ, ತಾರೀಖು, ಲಗತ್ತುಗಳನ್ನು ಗುರುತು ಹಾಕಿಕೊಳ್ಳಬೇಕು. ಹಾಳೆಯ ಮೇಲೆ ಉಳಿಯುವುದು ಇಷ್ಟೇ: ‘ಹೊಸೂರು ಗಿರಾಕಿ: ಎಂಟುನೂರು ಬುಷ್, 8ನೇ ತಾರೀಖಿನ ಡ್ರಾಯಿಂಗ್‌ನಂತೆ, ಕೊಟೇಶನ್ ಇವತ್ತು. ಮಾತು ಕೊಟ್ಟವರು ಮಾಲೀಕರು.’ ಐದು ಮೇಲ್‌ಗೆ ಒಂದು ಸಾಲು.

ಇದನ್ನು ಕೆಲಸದ ಪಟ್ಟಿಗೆ ಹಾಕಬೇಕೋ, ಉತ್ತರ ಬಾಕಿಯ ಪಟ್ಟಿಗೋ? ಗಿರಾಕಿ ಕಾಯುತ್ತಿದ್ದಾರೆ, ಆದ್ದರಿಂದ ಉತ್ತರ ಬಾಕಿ ಎನಿಸುತ್ತದೆ. ಆದರೆ ಕಬ್ಬಿಣದ ದರ ವಿಚಾರಿಸದೆ, ಮೆಷಿನ್ ಹೊತ್ತಿನ ಲೆಕ್ಕ ಹಾಕದೆ ಆ ಉತ್ತರ ಬರೆಯಲಾಗುವುದಿಲ್ಲ. ನಾನು ಹಿಡಿಯುವ ಅಳತೆ ಇದು: ಈಗ ಕೂತಲ್ಲೇ, ನನಗೆ ಗೊತ್ತಿರುವಷ್ಟರಲ್ಲೇ ಬರೆಯಬಹುದಾದರೆ ಅದು ಉತ್ತರ ಬಾಕಿ. ಎದ್ದು ಹೋಗಿ ಏನಾದರೂ ಮಾಡಿ ಬಂದ ಮೇಲಷ್ಟೇ ಬರೆಯಬಹುದಾದರೆ ಅದು ಕೆಲಸ, ಉತ್ತರ ಅದರ ಬಾಲ. ಈ ವ್ಯತ್ಯಾಸ ಮಾಡದಿದ್ದರೆ ಉತ್ತರಗಳ ಪಟ್ಟಿಯಲ್ಲಿ ಕೂತ ಒಂದು ಕೊಟೇಶನ್ ಅರ್ಧ ದಿನ ತಿಂದು, ಅದರ ಹಿಂದಿರುವ ಐದು ‘ಹೂಂ, ಆಗಬಹುದು’ಗಳನ್ನು ತಡೆಹಿಡಿಯುತ್ತದೆ.

ತದ್ವಿರುದ್ಧದ ಮೇಲ್‌ಗಳೂ ಇವೆ. ಯಾರೂ ಉತ್ತರಕ್ಕೆ ಕಾಯುತ್ತಿಲ್ಲ, ಆದರೆ ತಾರೀಖು ಕಾಯುವುದಿಲ್ಲ. ಪಿಎಫ್ ನೋಡಿಕೊಳ್ಳುವ ಕನ್ಸಲ್ಟೆಂಟ್ 10ಕ್ಕೆ ಚಲನ್ ಲಗತ್ತಿಸಿ ಕಳಿಸಿದ್ದಾರೆ. ಮೇಲ್‌ನಲ್ಲಿ ಪ್ರಶ್ನೆಯಿಲ್ಲ, ತುರ್ತು ಎಂಬ ಗುರುತಿಲ್ಲ, ನೆನಪೋಲೆಯೂ ಇಲ್ಲ. ಪಿಎಫ್ ಮತ್ತು ಇಎಸ್‌ಐ ವಂತಿಗೆಯನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು, ಅಂದರೆ ಮೇ ತಿಂಗಳದ್ದಕ್ಕೆ ಇವತ್ತೇ ಕಡೆಯ ದಿನ. ತಪ್ಪಿದರೆ ಬಡ್ಡಿ, ಅದರ ಮೇಲೆ ದಂಡ. ಗಲಾಟೆ ಮಾಡುವ ಮೇಲ್‌ಗಳ ನಡುವೆ ಇಂಥ ಸದ್ದಿಲ್ಲದ ಮೇಲ್ ಕೆಳಗೆ ಜಾರಿಬಿಡುತ್ತದೆ. ಹಾಳೆಯಲ್ಲಿ ಇದಕ್ಕೆ ಹೊಸೂರಿನ ಕೊಟೇಶನ್‌ಗಿಂತ ಮೇಲಿನ ಸಾಲು ಸಿಗಬೇಕು. ಆಡಿಟರ ಮೇಲ್ ಇನ್ನೊಂದು ಬಗೆಯದು. ಪ್ರತಿ ತಿಂಗಳು ಸಲ್ಲಿಸುವವರಿಗೆ ಜಿಎಸ್‌ಟಿಆರ್-3ಬಿ ಗಡುವು 20. ಆದರೆ ಅವರು ಖರೀದಿ ಬಿಲ್ಲುಗಳನ್ನು 16ರೊಳಗೆ ಕೇಳಿದ್ದಾರೆ. ಹಾಳೆಗೆ ಬರೆಯಬೇಕಾದ್ದು 16. ಕಾನೂನಿನ ಗಡುವು ಆಡಿಟರದು, ನಿಮ್ಮದು ಅದಕ್ಕಿಂತ ನಾಲ್ಕು ದಿನ ಮುಂಚಿನದು.

ತಾರೀಖಿನ ವಿಷಯದಲ್ಲಿ ಇನ್ನೂ ಒಂದು ಕಡೆ ಜಾರುವುದುಂಟು. ಗಿರಾಕಿಯ ಕ್ವಾಲಿಟಿ ವಿಭಾಗದವರು ತಮ್ಮತಮ್ಮಲ್ಲೇ ಮಾತಾಡಿಕೊಂಡ ಉದ್ದದ ಟ್ರೇಲ್ ಒಂದಿದೆ. ನಮ್ಮವರಿಗೆ ಅದು ಬಂದಿರುವುದು ಬರೀ ಸಿಸಿಯಲ್ಲಿ, ಆದ್ದರಿಂದ ಕಾಯಬಹುದು ಎಂದು ಬಿಡುವ ಮನಸ್ಸಾಗುತ್ತದೆ. 9ನೇ ತಾರೀಖಿನ ಮೇಲ್‌ನ ಮೂರನೇ ಪ್ಯಾರಾದಲ್ಲಿ ಮಾತ್ರ ಒಂದು ಸಾಲು: ಮೆಟೀರಿಯಲ್ ಟೆಸ್ಟ್ ಸರ್ಟಿಫಿಕೇಟನ್ನು ನಿಮ್ಮ ಆಫೀಸಿನಿಂದ ನಾಡಿದ್ದರೊಳಗೆ ಕಳಿಸಿ. ಸಿಸಿಯಲ್ಲಿ ಬಂದ ಟ್ರೇಲ್‌ಗಳನ್ನು ಪೂರ್ತಿ ಓದಲು ಹೊತ್ತಿಲ್ಲದಿದ್ದರೂ, ಅದರೊಳಗೆ ನಿಮ್ಮ ಹೆಸರನ್ನೋ ಕಂಪನಿಯ ಹೆಸರನ್ನೋ ಹುಡುಕಿ ನೋಡಲೇಬೇಕು. ‘ನಾಡಿದ್ದು’ ಎಂಬುದನ್ನು ಮೇಲ್ ಬರೆದ ದಿನದಿಂದ ಎಣಿಸಬೇಕು, ಓದಿದ ದಿನದಿಂದಲ್ಲ. ಇಲ್ಲಿ ಅದು 11, ಆಗಲೇ ನಾಲ್ಕು ದಿನ ದಾಟಿದೆ. ನಾಳೆ, ಮುಂದಿನ ವಾರ ಮುಂತಾದವನ್ನೆಲ್ಲ ಹಾಳೆಗೆ ಇಳಿಸುವಾಗ ಕ್ಯಾಲೆಂಡರಿನ ತಾರೀಖಾಗಿ ಮಾರ್ಪಡಿಸದಿದ್ದರೆ ಆ ಹಾಳೆ ನಾಳೆಗೇ ಸುಳ್ಳಾಗುತ್ತದೆ.

ಈಗ ಅಪಾಯದ ಮೇಲ್. ಕಬ್ಬಿಣ ಕೊಡುವ ಅಂಗಡಿಯವರ ಹೆಸರಿನಿಂದ ಬಂದಿದೆ: ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಬಾಕಿ ಹಣ ಇವತ್ತೇ ಈ ಹೊಸ ಖಾತೆಗೆ ಹಾಕಿ. ಹಳೆಯ ಬಿಲ್ ನಂಬರ್ ಸರಿಯಾಗಿದೆ, ಹಿಂದಿನ ಮಾತುಕತೆಯೂ ಕೆಳಗಿದೆ. ಇದನ್ನು ‘ಹಣ ಕಟ್ಟಬೇಕು, ಇವತ್ತು’ ಎಂದು ಸಾರಾಂಶ ಮಾಡಿದರೆ ಮೇಲ್‌ನಲ್ಲಿ ಬರೆದಿದ್ದಕ್ಕೆ ನಿಷ್ಠವಾಗಿಯೇ ಇರುತ್ತದೆ, ಹಣವೂ ಹೋಗುತ್ತದೆ. ವ್ಯಾಪಾರಿಗಳ ಮೇಲ್ ಖಾತೆಯೊಳಗೆ ನುಗ್ಗಿ, ನಿಜವಾದ ಟ್ರೇಲ್‌ಗೇ ಉತ್ತರಿಸಿ ಖಾತೆ ನಂಬರ್ ಬದಲಿಸುವುದು ಸೈಬರ್ ವಂಚಕರ ಹಳೆಯ ವಿದ್ಯೆ. ಕಳಿಸಿದವರ ವಿಳಾಸದಲ್ಲಿ ಒಂದಕ್ಷರ ಹೆಚ್ಚುಕಡಿಮೆ ಇರಬಹುದು, ಕೆಲವೊಮ್ಮೆ ಅದೂ ಸರಿಯಾಗಿಯೇ ಇರುತ್ತದೆ. ಹಾಗಾಗಿ ಹಾಳೆಯಲ್ಲಿ ಬರೆಯಬೇಕಾದ್ದು ‘ಹಣ ಹಾಕಬೇಡ, ಮೊದಲು ಫೋನ್ ಮಾಡು’ ಎಂದು. ಫೋನ್ ಮಾಡಬೇಕಾದ್ದು ನಿಮ್ಮಲ್ಲಿ ಮೊದಲೇ ಇರುವ ನಂಬರಿಗೆ, ಆ ಮೇಲ್‌ನಲ್ಲಿರುವ ನಂಬರಿಗಲ್ಲ.

ಕಾಯಬಹುದಾದ ಮೇಲ್‌ಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಒಂದನ್ನು ಬಿಟ್ಟು: ಎಲ್ಲಿಯವರೆಗೆ ಕಾಯಬಹುದು ಎಂಬ ತಾರೀಖಿಲ್ಲದೆ ಯಾವುದನ್ನೂ ಅಲ್ಲಿ ಹಾಕಬೇಡಿ. ಕಾರ್ಖಾನೆಯ ವಿಮೆ ಜುಲೈ 31ಕ್ಕೆ ಮುಗಿಯುತ್ತದೆ, ನವೀಕರಣದ ಮೇಲ್ ಬಂದಿದೆ. ಇದು ಕಾಯಬಹುದು, ಆದರೆ ಜುಲೈ ಮಧ್ಯದವರೆಗೆ ಮಾತ್ರ. ಜಿಮೇಲ್‌ನ ‘ಸ್ನೂಜ್’ ಬಳಸಿದರೆ ಆ ಮೇಲ್ ಈಗ ಕಣ್ಮರೆಯಾಗಿ ನೀವು ಹೇಳಿದ ದಿನ ಮತ್ತೆ ಮೇಲೆ ಬರುತ್ತದೆ. ತಾರೀಖು ಹಚ್ಚಲು ಸಾಧ್ಯವೇ ಇಲ್ಲದ ಮೇಲ್, ಉದಾಹರಣೆಗೆ ಕಳೆದ ವಾರವೇ ಮುಗಿದ ಪ್ರದರ್ಶನದ ಆಹ್ವಾನ, ಕಾಯುವ ಪಟ್ಟಿಯದ್ದಲ್ಲ, ತೆಗೆದು ಹಾಕುವಂಥದ್ದು.

ಹಾಳೆ ಸಿದ್ಧವಾದ ಮೇಲೆ ಉತ್ತರಿಸಲು ಕೂರುವ ಮುನ್ನ ಹತ್ತು ನಿಮಿಷ ಮಾಲೀಕರ ಜೊತೆ, ಶಾಪ್ ಫ್ಲೋರ್ ನೋಡಿಕೊಳ್ಳುವವರ ಜೊತೆ ಕೂರಬೇಕು. ನಮ್ಮಲ್ಲಿ ಅರ್ಧ ವ್ಯವಹಾರ ಫೋನಿನಲ್ಲಿ, ವಾಟ್ಸಾಪ್‌ನಲ್ಲಿ ಮುಗಿದಿರುತ್ತದೆ, ಮೇಲ್‌ಗೆ ಅದರ ಸುಳಿವೇ ಇರುವುದಿಲ್ಲ. ಲಾರಿಯವರು 5ಕ್ಕೆ ‘ಮಾಲು ಯಾವ ಗೇಟಿಗೆ ಇಳಿಸಲಿ’ ಎಂದು ಕೇಳಿದ್ದು ಇನ್‌ಬಾಕ್ಸ್‌ನಲ್ಲಿ ಉತ್ತರವಿಲ್ಲದೆ ನಿಂತಿದೆ. ಮಾಲು ಇಳಿದು ವಾರವಾಯಿತು. ಟೆಸ್ಟ್ ಸರ್ಟಿಫಿಕೇಟನ್ನು ಮಾತ್ರ ಯಾರೂ ಕಳಿಸಿಲ್ಲ ಎನ್ನುವುದೂ ಇಲ್ಲೇ ಖಚಿತವಾಗುತ್ತದೆ. ಆಮೇಲೆ ಕೈ ಹಾಕುವ ಕ್ರಮ ತಾನಾಗಿಯೇ ಕಾಣುತ್ತದೆ: ಪಿಎಫ್ ಚಲನ್, ಕಬ್ಬಿಣದ ಅಂಗಡಿಗೆ ಫೋನ್ (ದರವನ್ನೂ ಅದೇ ಫೋನಿನಲ್ಲಿ ಕೇಳಬಹುದು), ಕ್ಷಮೆಯ ಒಂದು ಸಾಲಿನೊಂದಿಗೆ ಸರ್ಟಿಫಿಕೇಟ್, ಕೊಟೇಶನ್, ನಾಳೆಗೆ ಆಡಿಟರ ಬಿಲ್ಲುಗಳು. ಕೊಟೇಶನ್ ಸಂಜೆಯಾಗುವಂತಿದ್ದರೆ ಹೊಸೂರಿಗೆ ಈಗಲೇ ಎರಡು ಸಾಲು ಹೋಗಲಿ: ಎಂಟುನೂರಕ್ಕೆ, ಹೊಸ ಡ್ರಾಯಿಂಗ್‌ನಂತೆ, ಸಂಜೆ ಐದರೊಳಗೆ ಕಳಿಸುತ್ತೇವೆ. ನೀವು ಅರ್ಥಮಾಡಿಕೊಂಡದ್ದು ತಪ್ಪಿದ್ದರೆ ಅವರು ಅಲ್ಲೇ ತಿದ್ದುತ್ತಾರೆ.

ಮೇಲ್ ಕಳಿಸುವವರಿಗೂ ಒಂದು ಮಾತು. ಏನು ಬೇಕು, ಯಾರಿಂದ ಬೇಕು, ಯಾವ ತಾರೀಖಿನೊಳಗೆ ಬೇಕು ಎನ್ನುವುದನ್ನು ಮೊದಲ ಸಾಲಿನಲ್ಲೇ ಬರೆಯಿರಿ, ಸಂಖ್ಯೆ ಬದಲಾದಾಗ ತಲೆಬರಹವನ್ನೂ ತಿದ್ದಿ.